‘ಬೋಟು ಇಳಿದ ಮೇಲೆ ಕೊಡುವ’ ಅಂದರೆ ಯಾವ ತಾರೀಕು?

ಗಿರಾಕಿ “ಪೇಮೆಂಟಿಗೆ ಸ್ವಲ್ಪ ಟೈಮ್ ಕೊಡಿ” ಅಂದಾಗ ನಮ್ಮ ಫ್ರೀಲಾನ್ಸರುಗಳು ಬರೆಯುವ ಉತ್ತರ ಹೆಚ್ಚಾಗಿ ಎರಡೇ ಬಗೆ. ಒಂದು, “ಪರವಾಗಿಲ್ಲ ಸರ್, ನಿಮಗೆ ಅನುಕೂಲ ಆದಾಗ ಹಾಕಿ.” ಇನ್ನೊಂದು, ಯಾವುದೋ ವಿಡಿಯೊ ನೋಡಿ ಬರೆದ ಕಾನೂನಿನ ಬೆದರಿಕೆ. ಉಡುಪಿಯಲ್ಲಿ ಇಂಥವರ ಲೆಕ್ಕಪತ್ರ, ತೆರಿಗೆ ನೋಡಿಕೊಳ್ಳುವ ನನ್ನ ಮೇಜಿಗೆ ಎರಡೂ ಕೊನೆಗೆ ಬಂದು ಬೀಳುತ್ತವೆ. ಎರಡರಲ್ಲೂ ಒಂದು ಸಾಲು ಮಾತ್ರ ಇರುವುದಿಲ್ಲ. ದುಡ್ಡು ಯಾವ ತಾರೀಕಿಗೆ ಬರಬೇಕು ಅನ್ನುವ ಸಾಲು.

ಈಚಿನ ಒಂದು ಪ್ರಕರಣ ಹೇಳುತ್ತೇನೆ. ಮಣಿಪಾಲದ ಒಬ್ಬ ಹುಡುಗಿ, ಡಿಸೈನರ್. ಮಲ್ಪೆಯಲ್ಲಿ ಬೋಟಿನ ಇಂಜಿನ್ ಬಿಡಿಭಾಗ ಮಾರುವ ಅಂಗಡಿಗೆ ಕ್ಯಾಟಲಾಗ್ ಮತ್ತು ವೆಬ್‌ಸೈಟ್ ಮಾಡಿಕೊಟ್ಟಳು. ಜೂನ್ 5ಕ್ಕೆ ಕೆಲಸ ಒಪ್ಪಿಸಿ ಅವತ್ತೇ ಬಿಲ್ ಕಳಿಸಿದಳು. ಕೆಲಸದ ಶುಲ್ಕ 1,20,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ 21,600. ಅವರು ಶೇ. 10 ಟಿಡಿಎಸ್, ಅಂದರೆ 12,000 ಹಿಡಿದುಕೊಂಡರೆ ಕೈಗೆ ಬರಬೇಕಾದದ್ದು 1,29,600. ಮಾತಾದದ್ದು 30 ದಿನಕ್ಕೆ. ಬಿಲ್ ತಲುಪಿದ ಮೇಲೆ ಅಂಗಡಿಯವರಿಂದ ವಾಟ್ಸಾಪ್ ಬಂತು: “75 ದಿನ ಟೈಮ್ ಕೊಡಿ ಮೇಡಂ, ಬೋಟು ಇಳಿದ ಮೇಲೆ ಕೊಡುವ.”

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ. ರಿಪೇರಿ ನಡೆಯುವುದು ಆಗಲೇ, ಆದರೆ ಸಾಮಾನು ಹೋಗುವುದು ಕಡದ ಮೇಲೆ. ಅಂಗಡಿಗೆ ದುಡ್ಡು ಬರುವುದು ಮೀನು ಬಂದ ಮೇಲೆ. ಇಂಥವರ ಹತ್ತಿರ ಹಠ ಹಿಡಿದು ಕೂತರೆ ಪ್ರಯೋಜನವಿಲ್ಲ. ಇದೇ ಅಂಗಡಿಯವರು ಮುಂದಿನ ವರ್ಷವೂ ಕೆಲಸ ಕೊಡುವವರು.

ಆದರೆ “ಬೋಟು ಇಳಿದ ಮೇಲೆ” ಅನ್ನುವುದು ತಾರೀಕಲ್ಲ. ಆಗಸ್ಟ್ 1ಕ್ಕೆ ನಿಷೇಧ ಮುಗಿಯುತ್ತದೆ, ನಿಜ. ಗಾಳಿ ಜೋರಿದ್ದರೆ ಬೋಟು ಹೊರಡುವುದಿಲ್ಲ. ಹೊರಟರೂ ಮೀನು ಸಿಗಬೇಕು, ಮಾರಾಟ ಆಗಬೇಕು, ಬೋಟಿನವರು ಅಂಗಡಿಗೆ ಕೊಡಬೇಕು. ಇಷ್ಟು ಕೊಂಡಿಗಳಲ್ಲಿ ಒಂದೂ ಡಿಸೈನರ್ ಕೈಯಲ್ಲಿಲ್ಲ. “ನಮ್ಮ ಪಾರ್ಟಿ ಕೊಟ್ಟ ಮೇಲೆ”, “ಬಿಲ್ ಪಾಸಾದ ಮೇಲೆ”, “ಹಬ್ಬ ಕಳೆದ ಮೇಲೆ” ಇವೆಲ್ಲ ಇದೇ ಜಾತಿ. ದಿನ ಜಾಸ್ತಿ ಕೇಳಿದರೆ ಕೊಡಬಹುದು. ದಿನದ ಬದಲು ಘಟನೆ ಕೊಟ್ಟರೆ ಒಪ್ಪಬಾರದು. ಘಟನೆ ಆಯಿತೋ ಇಲ್ಲವೋ ಅಂತ ಹೇಳುವವರು ಅವರೇ ಆಗಿರುತ್ತಾರೆ, ನೀವು ಪ್ರತಿ ಸಲ ಫೋನ್ ಮಾಡಿ ಕೇಳಬೇಕಾಗುತ್ತದೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ಮತ್ತೆ ಅದೇ ತಪ್ಪು.

ಇನ್ನೊಂದು, ಜಿಎಸ್‌ಟಿ. ದುಡ್ಡು ಬಂದ ಮೇಲೆ ತೆರಿಗೆ ಕಟ್ಟಿದರಾಯಿತು ಅಂತ ತುಂಬ ಜನ ತಿಳಿದಿದ್ದಾರೆ. ಬಿಲ್ ಹಾಕಿದರೆ ಲೆಕ್ಕ ಶುರುವಾಯಿತು. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಆ ಹುಡುಗಿ ಜೂನ್ ತಿಂಗಳ ತೆರಿಗೆಯನ್ನು ಜುಲೈ 20ರೊಳಗೆ ಕಟ್ಟಬೇಕು, ಅಂಗಡಿಯವರು ಕೊಟ್ಟಿರಲಿ, ಬಿಡಲಿ. ಕೆಲಸದ ಖರ್ಚಿನ ಮೇಲೆ ಅವಳೇ ಕೊಟ್ಟ ಜಿಎಸ್‌ಟಿಯ ಕ್ರೆಡಿಟ್ ಸ್ವಲ್ಪ ಕಳೆಯಬಹುದು, ಡಿಸೈನರಿಗೆ ಅದು ಜಾಸ್ತಿ ಇರುವುದಿಲ್ಲ. ಅಂದರೆ 75 ದಿನಕ್ಕೆ ಸುಮ್ನೆ ಹೂಂ ಅಂದರೆ ಗಿರಾಕಿಯ ಜಿಎಸ್‌ಟಿಯನ್ನು ಒಂದು ತಿಂಗಳು ಅವಳೇ ಕೈಯಿಂದ ಹಾಕಿದ ಹಾಗೆ. “ಹಾಗಾದರೆ ಬಿಲ್ಲನ್ನೇ ಆಗಸ್ಟಿನಲ್ಲಿ ಹಾಕಿ” ಅಂತ ಕೆಲವು ಗಿರಾಕಿಗಳು ಸಲಹೆ ಕೊಡುತ್ತಾರೆ. ಸೇವೆ ಕೊಟ್ಟ 30 ದಿನದೊಳಗೆ ಬಿಲ್ ಹಾಕಬೇಕು ಅನ್ನುವುದು ನಿಯಮ, ಅದಕ್ಕೆ ಒಪ್ಪಬೇಡಿ.

ಇಷ್ಟು ಲೆಕ್ಕ ಹಾಕಿ ಕೂತು ನಾವು ಬರೆದ ಉತ್ತರ ಹೀಗಿತ್ತು:

“ನಮಸ್ತೆ ಸರ್. ಮಳೆಗಾಲದಲ್ಲಿ ನಿಮ್ಮ ವಸೂಲಿ ನಿಧಾನ ಅನ್ನುವುದು ನನಗೆ ಅರ್ಥವಾಗುತ್ತದೆ. ಪೂರ್ತಿ ಮೊತ್ತಕ್ಕೆ 75 ದಿನ ಕಾಯುವುದು ನನಗೆ ಕಷ್ಟ, ಈ ಬಿಲ್ಲಿನ ಜಿಎಸ್‌ಟಿಯನ್ನು ನಾನು ಜುಲೈ 20ಕ್ಕೆ ಕಟ್ಟಬೇಕು. ಹಾಗಾಗಿ ಎರಡು ಕಂತು ಮಾಡುವ. ಮೊದಲು ಮಾತಾದ ಹಾಗೆ ಜುಲೈ 5ಕ್ಕೆ ಜಿಎಸ್‌ಟಿ 21,600 ಮತ್ತು 48,000, ಒಟ್ಟು 69,600. ಉಳಿದ 60,000 ಆಗಸ್ಟ್ 20ಕ್ಕೆ. ಆ ದಿನ ಬೋಟು ಇಳಿದಿರಲಿ, ಇಳಿಯದಿರಲಿ, ತಾರೀಕು ಅದೇ. ಈ ಅನುಕೂಲ ಈ ಬಿಲ್ಲಿಗೆ ಮಾತ್ರ, ಮುಂದಿನ ಕೆಲಸಕ್ಕೆ ಅರ್ಧ ಮುಂಗಡ ಬೇಕಾಗುತ್ತದೆ. ಒಪ್ಪಿಗೆ ಇದ್ದರೆ ಇದಕ್ಕೇ ಒಂದು ಉತ್ತರ ಹಾಕಿ.”

ಕೊನೆಯ ಸಾಲು ಮುಖ್ಯ. ಫೋನಿನಲ್ಲಿ “ಆಯ್ತು ಮಾರಾಯ್ರೇ, ಮಾಡುವ” ಅಂದದ್ದಕ್ಕೆ ಆರು ತಿಂಗಳ ಮೇಲೆ ಬೆಲೆ ಇಲ್ಲ. “ಓಕೆ” ಅಂತ ಬರೆದ ಒಂದು ಮೆಸೇಜಿಗೆ ಇದೆ. ಉತ್ತರದಲ್ಲಿ ಎಲ್ಲೂ ಕ್ಷಮೆ ಕೇಳಿಲ್ಲ, ರಿಯಾಯಿತಿಯ ಮಾತೂ ಇಲ್ಲ ಅನ್ನುವುದನ್ನೂ ನೋಡಿ. ಟೈಮ್ ಕೇಳಿದವರಿಗೆ ದರ ಇಳಿಸಿ ಕೊಡುವವರನ್ನು ನಾನು ಕಂಡಿದ್ದೇನೆ. ಅದು ಯಾಕೆ ಅಂತ ನನಗೆ ಇವತ್ತಿಗೂ ತಿಳಿಯದು.

ಈಗ ಕಾನೂನಿನ ಬೆದರಿಕೆಯವರಿಗೆ. 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಪರ ಇದೆ, ಸರಿ. ಉದ್ಯಮ್ ನೋಂದಣಿ ಇರುವ ಸಣ್ಣ ಸೇವಾದಾರನಿಗೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಗಿರಾಕಿ ಕೊಡಬೇಕು. ದಿನ ಎಣಿಸುವುದು ಕೆಲಸ ಒಪ್ಪಿಸಿದಲ್ಲಿಂದ. ಅವರು 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹಾಕಿದರೆ ಮಾತ್ರ, ಅದು ಬಗೆಹರಿದ ದಿನದಿಂದ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಆ ಹುಡುಗಿಯ ಲೆಕ್ಕದಲ್ಲಿ 45 ದಿನ ಮುಗಿಯುವುದು ಜುಲೈ 20ಕ್ಕೇ. ಆಗಸ್ಟ್ 20ರ ಕಂತು ಅದನ್ನು ಮೀರುತ್ತದೆ ಅಂತ ಗೊತ್ತಿದ್ದೇ ಅವಳು ಒಪ್ಪಿದ್ದು. ನೋಂದಣಿಗೆ ಖರ್ಚಿಲ್ಲ, ಕೆಲಸ ಶುರುವಾಗುವ ಮೊದಲೇ ಮಾಡಿಟ್ಟಿರಿ. ಆಮೇಲೆ ಮಾಡಿದ್ದಕ್ಕೆ ಹಳೆಯ ಬಿಲ್ಲಿನಲ್ಲಿ ಬಲ ಸಿಗುತ್ತದೆ ಅಂತ ನಾನಂತೂ ಭರವಸೆ ಕೊಡಲಾರೆ.

“45 ದಿನ ಮೀರಿದರೆ ಈ ಖರ್ಚನ್ನು ನಿಮ್ಮ ತೆರಿಗೆ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ” ಅಂತ ಜೂನ್ ತಿಂಗಳಲ್ಲಿ ಹೆದರಿಸುವವರೂ ಇದ್ದಾರೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ಆದಾಯ ತೆರಿಗೆ ನಿಯಮದಲ್ಲಿ, ತಡವಾಗಿ ಕೊಟ್ಟ ದುಡ್ಡನ್ನು ಗಿರಾಕಿ ಕೊಟ್ಟ ವರ್ಷದ ಖರ್ಚಾಗಿ ತೋರಿಸಬೇಕು. ಜೂನ್ ಬಿಲ್ಲನ್ನು ಆಗಸ್ಟಿನಲ್ಲಿ ಕೊಟ್ಟರೆ ಅದೇ ವರ್ಷವಾಯಿತು, ಅವರಿಗೆ ನಷ್ಟವೇ ಇಲ್ಲ. ಅವರ ಆಡಿಟರಿಗೆ ಇದು ಗೊತ್ತಿರುತ್ತದೆ, ನಿಮ್ಮ ಮಾತಿಗೆ ಮತ್ತೆ ತೂಕ ಉಳಿಯುವುದಿಲ್ಲ. ಆ ಮಾತು ಕಚ್ಚುವುದು ಫೆಬ್ರವರಿ, ಮಾರ್ಚ್ ಬಿಲ್ಲುಗಳಲ್ಲಿ. ಮಾರ್ಚ್ 31 ದಾಟಿ ತಡವಾದರೆ ಖರ್ಚು ಮುಂದಿನ ವರ್ಷಕ್ಕೆ ಹೋಗುತ್ತದೆ. ಆಗ ಮೆತ್ತಗೆ ನೆನಪಿಸಿದರೂ ಸಾಕು.

ಅಂಗಡಿಯವರು “ಓಕೆ ಮೇಡಂ” ಅಂದರು. ಮೊದಲ ಕಂತು ಎರಡು ದಿನ ತಡವಾಗಿ ಬಂತು, ಅದಕ್ಕೆ ಏನೂ ಹೇಳಬೇಡ ಅಂದೆ. ಎರಡನೆಯದಕ್ಕೆ ಆಗಸ್ಟ್ 17ಕ್ಕೆ ಒಂದು ಸಾಲಿನ ನೆನಪೋಲೆ ಹೋಗಬೇಕು, ಬಿಲ್ ನಂಬರ್ ಮತ್ತು ಮೊತ್ತ ಹಾಕಿ. 20 ದಾಟಿದರೆ ಹೊಸ ತಾರೀಕು ಅವರಿಂದಲೇ ಬರಹದಲ್ಲಿ ಕೇಳಬೇಕು, ಅಲ್ಲಿಯವರೆಗೆ ವೆಬ್‌ಸೈಟಿನ ಹೊಸ ಬದಲಾವಣೆ ಯಾವುದನ್ನೂ ಕೈಗೆತ್ತಿಕೊಳ್ಳಬಾರದು. ನಡೆಯುತ್ತಿರುವ ಸೈಟನ್ನು ಬಂದ್ ಮಾಡುವ ಯೋಚನೆ ಬೇಡ. ಅರ್ಧ ದುಡ್ಡು ಕೊಟ್ಟವರ ಅಂಗಡಿ ಅದು, ತಕರಾರು ತಿರುಗಿ ನಿಮ್ಮ ಮೇಲೇ ಬರುತ್ತದೆ.