ಡಿವಿಡೆಂಡ್ ಬಂತು ಸರಿ, ಎನ್‌ಎವಿ ಯಾಕೆ ಇಳಿಯಿತು?

ಮ್ಯೂಚುವಲ್ ಫಂಡ್‌ನ ಗ್ರೋತ್ ಆಪ್ಷನ್‌ನಲ್ಲಿ ಫಂಡ್ ಗಳಿಸಿದ್ದು ಫಂಡ್‌ನಲ್ಲೇ ಉಳಿಯುತ್ತದೆ. ಪೇಔಟ್‌ನಲ್ಲಿ ಅದರಲ್ಲೊಂದಿಷ್ಟು ಆಗಾಗ ಡಿವಿಡೆಂಡ್ ಆಗಿ ನಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಇಷ್ಟು ಓದಿದ ಕೂಡಲೇ ತಲೆಗೆ ಹೋಯಿತು. ಎಡವಿದ್ದು ಮುಂದೆ: ಷೇರುಗಳೂ ಅವೇ, ಮ್ಯಾನೇಜರೂ ಅವರೇ, ಆದರೂ ಒಂದೇ ಫಂಡಿಗೆ ಎರಡು ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ ಎರಡು ಬಗೆ. ಕಡಿಮೆ ಇರುವುದು ಅಗ್ಗ ಅಂದುಕೊಂಡಿದ್ದೆ.

ಪೆನ್ನು ಹಿಡಿದು ಲೆಕ್ಕ ಹಾಕಿದ ಮೇಲೆ ಗಂಟು ಬಿಚ್ಚಿತು. ಒಬ್ಬರು ಗ್ರೋತ್, ಇನ್ನೊಬ್ಬರು ಪೇಔಟ್, ಇಬ್ಬರೂ ₹50ಕ್ಕೆ 1000 ಯೂನಿಟ್ ಕೊಂಡರು ಅನ್ನಿ. ಎನ್‌ಎವಿ ₹60 ಆಯಿತು, ಇಬ್ಬರದೂ ₹60,000. ಈಗ ಪೇಔಟ್‌ನಲ್ಲಿ ಯೂನಿಟ್‌ಗೆ ₹5 ಡಿವಿಡೆಂಡ್ ಘೋಷಣೆ. ರೆಕಾರ್ಡ್ ಡೇಟ್‌ನಂದು ಯೂನಿಟ್ ಹೊಂದಿದವರಿಗೆ ಕೊಡಲು ₹5 ಹೊರಗೆ ಹೋಗಬೇಕು. ಅದು ಹೋಗುವುದು ಅವರದೇ ಯೂನಿಟ್‌ನ ಒಳಗಿಂದ. ಹಾಗಾಗಿ ಪೇಔಟ್‌ನ ಎನ್‌ಎವಿ ₹55. ₹55,000 ಫಂಡ್‌ನಲ್ಲಿ, ₹5,000 ಕೈಯಲ್ಲಿ. ಬಿಂದಿಗೆಯ ನೀರನ್ನು ತಂಬಿಗೆಗೆ ಬಗ್ಗಿಸಿದ ಹಾಗೆ, ನೀರು ಹೆಚ್ಚಲಿಲ್ಲ. ಯೂನಿಟ್‌ಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಒಂದೊಂದರ ಬೆಲೆ ಮಾತ್ರ ಇಳಿಯುತ್ತದೆ. ನಾನು ಗೊಂದಲಗೊಂಡಿದ್ದೇ ಇಲ್ಲಿ.

(ಆ ದಿನ ಮಾರುಕಟ್ಟೆಯೂ ಏರಿಳಿಯುತ್ತದಲ್ಲ, ಅದಕ್ಕೇ ಇಳಿಕೆ ಸರಿಯಾಗಿ ₹5 ಕಾಣದೇ ಇರಬಹುದು. ಅದೇ ದಿನದ ಗ್ರೋತ್ ಎನ್‌ಎವಿ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸಿಗುತ್ತದೆ.)

ಆಮೇಲೆ ಫಂಡ್ ಶೇ. 10 ಏರಿತು. ಗ್ರೋತ್ ₹66, ಪೇಔಟ್ ₹60.50. ಓಟ ಒಂದೇ, ಹೊರಟ ಜಾಗ ಬೇರೆ. ಆದ್ದರಿಂದ ₹60.50 ಅಗ್ಗವೇನಲ್ಲ. ಕೈಗೆ ಬಂದ ₹5,000 ಮಾತ್ರ ಆ ಶೇ. 10ರ ಓಟದಲ್ಲಿ ಇರಲಿಲ್ಲ.

ಇನ್ನೊಂದು ಬಲೆ: 'ಶೇ. 50 ಡಿವಿಡೆಂಡ್' ಎಂಬ ಜಾಹೀರಾತು. ಶೇಕಡಾವಾರು ಲೆಕ್ಕ ಮುಖಬೆಲೆಯ ಮೇಲೆ, ಅದು ಸಾಮಾನ್ಯವಾಗಿ ₹10. ಅಂದರೆ ಮೇಲಿನ ಅದೇ ₹5.

2021ರ ಏಪ್ರಿಲ್‌ನಿಂದ ಮಾರುಕಟ್ಟೆ ನಿಯಂತ್ರಕ ಸೆಬಿ ಡಿವಿಡೆಂಡ್ ಆಪ್ಷನ್‌ನ ಹೆಸರನ್ನೇ ಬದಲಿಸಿದೆ, ಆ್ಯಪ್‌ನಲ್ಲಿ ಈಗ IDCW ಎಂದು ಕಾಣುತ್ತದೆ. ಆದಾಯ ಹಂಚಿಕೆಯ ಜೊತೆಗೆ ಬಂಡವಾಳ ವಾಪಸಾತಿ ಎಂದು ಅದರ ಅರ್ಥ. ಉದ್ದವಾದರೂ ಹಳೆಯ ಹೆಸರಿಗಿಂತ ಪ್ರಾಮಾಣಿಕ ಎನಿಸಿತು. ಯಾಕೆಂದರೆ ಡಿವಿಡೆಂಡ್ ಆಸೆಗೆ ರೆಕಾರ್ಡ್ ಡೇಟ್‌ನ ಹಿಂದಿನ ದಿನ ₹60ಕ್ಕೆ 1000 ಯೂನಿಟ್ ಕೊಂಡವರನ್ನು ನೋಡಿ. ಅವರ ಪಾಲಿಗೆ ಲಾಭವೇ ಹುಟ್ಟಿಲ್ಲ, ಆದರೂ ₹5,000 ಬರುತ್ತದೆ. ಅದು ಅವರದೇ ದುಡ್ಡು. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ. ಶೇ. 30ರ ಸ್ಲ್ಯಾಬ್ ಆದರೆ ₹1,500, ಸೆಸ್ ಬೇರೆ. ₹60,000 ಹಾಕಿ, ಮಾರುಕಟ್ಟೆ ಅಲುಗದಿದ್ದರೂ ಉಳಿದದ್ದು ₹58,500.