ಶಾಶ್ವತತಾ ನಿಷೇಧ ನಿಯಮ: ಸತ್ತವರ ಕೈಗೊಂದು ಗಡುವು

ತನ್ನ ಆಸ್ತಿ ಯಾರಿಗೆ ಸೇರಬೇಕೆಂದು ಬರೆದಿಡುವ ಹಕ್ಕು ಒಡೆಯನಿಗೆ ಇದೆ. ಆದರೆ ತಾನು ಕಣ್ಣುಮುಚ್ಚಿದ ಮೇಲೆ ಅದು ಮಗನಿಗೆ, ಅವನ ನಂತರ ಮೊಮ್ಮಗನಿಗೆ, ಆಮೇಲೆ ಮರಿಮಗನಿಗೆ ಎಂದು ಕೊನೆಯಿಲ್ಲದೆ ಕಟ್ಟಳೆ ಹಾಕುತ್ತ ಹೋಗುವ ಹಕ್ಕು ಇಲ್ಲ. ಇದಕ್ಕೆ ತಡೆಯೊಡ್ಡುವುದೇ ಶಾಶ್ವತತಾ ನಿಷೇಧ ನಿಯಮ. ಬದುಕಿರುವಾಗ ಮಾಡುವ ವರ್ಗಾವಣೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 14ನೇ ಕಲಮಿನಲ್ಲಿಯೂ, ಉಯಿಲಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 114ನೇ ಕಲಮಿನಲ್ಲಿಯೂ ಈ ನಿಯಮವಿದೆ. ಉಯಿಲು ಬರೆದವರು ತೀರಿಕೊಂಡಾಗ ಬದುಕಿರುವವರ ಆಯುಷ್ಯ, ಅದು ಮುಗಿಯುವ ವೇಳೆಗೆ ಹುಟ್ಟಿರುವ ಅಥವಾ ಗರ್ಭದಲ್ಲಿರುವ ಮಗುವಿನ ಅಪ್ರಾಪ್ತ ವಯಸ್ಸು, ಇಷ್ಟೇ ಗಡುವು. ಅದರೊಳಗೆ ಆಸ್ತಿಯ ಹಕ್ಕು ಯಾರಿಗಾದರೂ ಖಚಿತವಾಗಿ ದಕ್ಕಲೇಬೇಕು.

ಮಲೆನಾಡಿನ ತೋಟದ ಒಡೆಯರೊಬ್ಬರು, "ಮಗ ಬದುಕಿರುವವರೆಗೆ ತೋಟದ ಆದಾಯ ಅವನದು, ಆಮೇಲೆ ಅವನ ಹಿರಿಯ ಮಗನಿಗೆ 25 ತುಂಬಿದಾಗ ಪೂರ್ತಿ ಒಡೆತನ ಸಿಗಲಿ" ಎಂದು ಉಯಿಲು ಬರೆದರೆನ್ನೋಣ. ಅವರು ತೀರಿಕೊಂಡಾಗ ಮೊಮ್ಮಗ ಹುಟ್ಟಿದ್ದರೆ ಯಾವ ತೊಡಕೂ ಇಲ್ಲ, ಏಕೆಂದರೆ ಅವನ ಆಯುಷ್ಯವೇ ಗಡುವಿನ ಲೆಕ್ಕಕ್ಕೆ ಬರುತ್ತದೆ. ಆಗ ಮೊಮ್ಮಗ ಹುಟ್ಟಿರದಿದ್ದರೆ ಆ ಭಾಗ ಅಸಿಂಧು: ಮಗ ಸಾಯುವಾಗ ಕೂಸಿಗೆ ಎರಡೇ ವರ್ಷವಾಗಿದ್ದು, 18 ದಾಟಿ ಇನ್ನೂ ಏಳು ವರ್ಷ ಆಸ್ತಿ ಅತಂತ್ರವಾಗಿ ನಿಲ್ಲುವ ಸಾಧ್ಯತೆ ಇದೆ. ಆ ಸಾಧ್ಯತೆಯೊಂದೇ ಸಾಕು, ಮುಂದೆ ನಿಜವಾಗಿ ಏನಾಯಿತೆಂದು ನಮ್ಮ ಕಾಯ್ದೆ ಕಾದು ನೋಡುವುದಿಲ್ಲ. ಹಾಗಾಗಿ ಅಪ್ಪನ ಕಣ್ಣೆದುರೇ ಮೊಮ್ಮಗನಿಗೆ 25 ತುಂಬಿದರೂ ಉಯಿಲಿನ ಮೂಲಕ ತೋಟ ಅವನಿಗೆ ಬರುವುದಿಲ್ಲ. 25ರ ಜಾಗದಲ್ಲಿ 18 ಎಂದು ಬರೆದಿದ್ದರೆ ಸಾಕಿತ್ತು. ಒಂದು ಅಂಕಿಯ ಅಜಾಗರೂಕತೆ ಎಷ್ಟು ದುಬಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಕಾನೂನಿಗೆ ಇಷ್ಟು ಬಿಗಿ ಏಕೆ? ಒಡೆಯ ಯಾರೆಂದು ತೀರ್ಮಾನವಾಗದ ತೋಟವನ್ನು ಪೂರ್ಣ ಹಕ್ಕಿನಿಂದ ಮಾರುವವರಿಲ್ಲ, ಅದನ್ನು ಅಡವಿಟ್ಟು ಸಾಲ ತೆಗೆಯುವುದೂ ಕಷ್ಟ. ಗಿಡಗಳಿಗೆ ರೋಗ ಬಂದರೂ ಬೆಲೆ ಕುಸಿದರೂ ಬದುಕಿರುವವರು ಸತ್ತವರ ಬರಹಕ್ಕೆ ಕಟ್ಟುಬಿದ್ದು ಕೂರಬೇಕಾಗುತ್ತದೆ. ಸಾರ್ವಜನಿಕ ಹಿತಕ್ಕಾಗಿ ಕೊಟ್ಟ ಆಸ್ತಿಗೆ ಮಾತ್ರ ಈ ಗಡುವು ಅನ್ವಯಿಸದು.

ಈ ಆಲೋಚನೆ ಆ ಕಾಯ್ದೆಗಳಿಗಿಂತ ಹಳೆಯದು. ಕ್ರೈಸ್ತನಾದನೆಂದು ಮಗನನ್ನು ಕೈಬಿಟ್ಟ ಕಲ್ಕತ್ತೆಯ ಪ್ರಸನ್ನಕುಮಾರ ಟಾಗೋರರು ಆಸ್ತಿಯನ್ನು ಮೊದಲು ಸೋದರನ ಮಗ ಜತೀಂದ್ರಮೋಹನರಿಗೂ ಮುಂದೆ ಇನ್ನೂ ಹುಟ್ಟದ ಗಂಡುಸಂತತಿಯ ಸಾಲಿಗೂ ಉಯಿಲು ಮಾಡಿದ್ದರು. 1872ರಲ್ಲಿ, ಆಗ ಭಾರತದ ಮೊಕದ್ದಮೆಗಳಿಗೆ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹಿಂದೂ ಕಾನೂನಿನ ಆಧಾರದಲ್ಲಿ ಜತೀಂದ್ರಮೋಹನರ ಜೀವಿತಾವಧಿಯ ಹಕ್ಕನ್ನು ಉಳಿಸಿ ಅದರ ಮುಂದಿನ ಸಾಲನ್ನೆಲ್ಲ ತಳ್ಳಿಹಾಕಿತು. ಬರಿದಾಗಿ ಉಳಿದ ಆ ಭಾಗದ ಹಕ್ಕು ಕಾನೂನಿನ ವಾರಸುದಾರನಿಗೆ, ಅಂದರೆ ತಂದೆ ಕೈಬಿಟ್ಟ ಮಗನಿಗೇ ಸೇರಿತು.