ಪಿಂಚಣಿ ಕೇಳುವ ಮೂರು ಪ್ರಶ್ನೆಗಳು

ಉಡುಪಿ, ಮಂಗಳೂರಿನ ಕಡೆ ಬೀಡಿ ಕಟ್ಟುತ್ತಲೇ ವಯಸ್ಸಾದ ಹೆಂಗಸರಲ್ಲಿ ಕೆಲವರಿಗೆ ಪಿಎಫ್ ಪಿಂಚಣಿ ಬರುತ್ತದೆ, ಕೆಲವರಿಗೆ ಸಂಧ್ಯಾ ಸುರಕ್ಷಾ ಬರುತ್ತದೆ, ಇನ್ನು ಕೆಲವರಿಗೆ ಎರಡೂ ಇಲ್ಲ. ಈ ಗೋಜಲಿನ ಬೇರು ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ.

ಡೆನ್ಮಾರ್ಕಿನ ಸಮಾಜಶಾಸ್ತ್ರಜ್ಞ ಗೋಸ್ಟಾ ಎಸ್ಪಿಂಗ್-ಆಂಡರ್ಸನ್ 1990ರಲ್ಲಿ ಕಲ್ಯಾಣ ರಾಜ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಉದಾರವಾದಿ ಬಗೆ ‘ನೀವು ಬಡವರೇ?’ ಎಂದು ಕೇಳುತ್ತದೆ. ಉಳಿದವರನ್ನು ಖಾಸಗಿ ಉಳಿತಾಯಕ್ಕೆ ಬಿಡುತ್ತದೆ. 1908ರ ಬ್ರಿಟಿಷ್ ಕಾಯ್ದೆ 70 ದಾಟಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ 5 ಶಿಲ್ಲಿಂಗ್ ಕೊಟ್ಟದ್ದು ಆದಾಯವನ್ನು ತೂಗಿ ನೋಡಿಯೇ. ಸ್ವೀಡನ್‌ನಂಥ ಸಾಮಾಜಿಕ ಪ್ರಜಾಸತ್ತಾತ್ಮಕ ಬಗೆ ‘ಎಷ್ಟು ವರ್ಷ ಇಲ್ಲಿ ವಾಸವಿದ್ದಿರಿ?’ ಎಂದು ಕೇಳುತ್ತದೆ. ಅಲ್ಲಿ ದುಡಿಮೆಯ ಪಿಂಚಣಿ ತೀರಾ ಕಡಿಮೆಯಾದವರಿಗೆ ಖಾತರಿ ಪಿಂಚಣಿಯಿದೆ. ಅದು ಪೂರ್ತಿ ಸಿಗಲು 40 ವರ್ಷದ ವಾಸ ಬೇಕು, ಮಗ ಎಷ್ಟು ಸಂಪಾದಿಸುತ್ತಾನೆಂಬ ವಿಚಾರಣೆ ಇಲ್ಲ.

ಮೂರನೆಯದು ಬಿಸ್ಮಾರ್ಕ್ 1889ರಲ್ಲಿ ಜರ್ಮನಿಯಲ್ಲಿ ತಂದ ವಿಮೆಯ ಮಾದರಿ. ಅದರ ಪ್ರಶ್ನೆ ‘ಎಲ್ಲಿ, ಎಷ್ಟು ದುಡಿದಿರಿ?’ ಎಂಬುದು. ಪಿಎಫ್ ಪಿಂಚಣಿ ಕೊಡುವ ನಮ್ಮ 1995ರ ನೌಕರರ ಪಿಂಚಣಿ ಯೋಜನೆಯೂ ಈ ಬಗೆಯದೇ. ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ ಸಿಗುತ್ತದೆ. ಆದರೆ 10 ವರ್ಷದ ಸೇವೆ ಇರಲೇಬೇಕು.

ಒಬ್ಬಾಕೆಯ ಸಂಬಳ 6,000 ರೂಪಾಯಿ, ಸೇವೆ 10 ವರ್ಷ ಎಂದುಕೊಳ್ಳೋಣ. ಹೆರಿಗೆಗೆ ಬಿಟ್ಟದ್ದು, ಎಲೆ ಸಿಗದೆ ಕೈಕಟ್ಟಿ ಕೂತದ್ದು ಲೆಕ್ಕಕ್ಕಿಲ್ಲ. ಸೂತ್ರದ ಪ್ರಕಾರ 857 ರೂಪಾಯಿ ಬರುತ್ತದೆ, ಕನಿಷ್ಠ ಮಿತಿಯಿಂದಾಗಿ ಅದು 1,000 ಆಗುತ್ತದೆ. ಜರ್ಮನಿಯಲ್ಲಾದರೆ ಪಿಂಚಣಿಯನ್ನು ಅಂಕಗಳಲ್ಲಿ ಎಣಿಸುತ್ತಾರೆ, ಸರಾಸರಿ ವೇತನದ ಒಂದು ವರ್ಷಕ್ಕೆ ಒಂದು ಅಂಕ; ಅದರ ಅರ್ಧದಷ್ಟು ವೇತನಕ್ಕೆ 10 ವರ್ಷ ದುಡಿದವಳಿಗೆ 5 ಅಂಕ ಸಿಗುತ್ತದೆ. ಅದರ ಮೇಲೆ, 1992ರಿಂದೀಚೆಗೆ ಹುಟ್ಟಿದ ಪ್ರತಿ ಮಗುವಿಗೆ ಸರಾಸರಿ ವೇತನದ ಮಟ್ಟದಲ್ಲಿ ಮೂರು ವರ್ಷ ಸೇರುವುದರಿಂದ, ಇಬ್ಬರು ಮಕ್ಕಳ ತಾಯಿಗೆ ಇನ್ನೂ ಸುಮಾರು 6 ಅಂಕ ಕೂಡಿಕೊಳ್ಳುತ್ತವೆ. ದುಡಿಮೆಯನ್ನೇ ಅಳೆಯುವ ವ್ಯವಸ್ಥೆಯೂ ಮಗು ಸಾಕಿದ್ದನ್ನು ದುಡಿಮೆಯೆಂದು ಎಣಿಸಬಲ್ಲದು. ನಮ್ಮಲ್ಲಿ ಆ ಭಾಗವನ್ನು ಬಿಟ್ಟು ಸೂತ್ರವನ್ನಷ್ಟೇ ತಂದುಕೊಂಡಂತಿದೆ.

ಇದರ ಪಕ್ಕದಲ್ಲೇ ಉದಾರವಾದಿ ಬಗೆಯ ಸಂಧ್ಯಾ ಸುರಕ್ಷಾ ಇದೆ: 65 ದಾಟಿದ, ಆದಾಯ ಕಡಿಮೆಯಿರುವ, ಬೇರೆ ಪಿಂಚಣಿ ಇಲ್ಲದವರಿಗೆ ತಿಂಗಳಿಗೆ 1,200 ರೂಪಾಯಿ. ಹಾಗಾಗಿ 9 ವರ್ಷಕ್ಕೇ ಕೆಲಸ ನಿಂತು, ಕಟ್ಟಿದ ಹಣವನ್ನು ಒಮ್ಮೆಗೇ ಹಿಂಪಡೆದ ನೆರೆಮನೆಯಾಕೆಗೆ 65ರ ಬಳಿಕ 1,200 ಸಿಗಬಹುದು. ಹತ್ತನೆಯ ವರ್ಷವನ್ನೂ ಪೂರೈಸಿದವಳು 58ರಿಂದಲೇ ಪಿಂಚಣಿ ಪಡೆಯುತ್ತಾಳೆ ನಿಜ, ಆದರೆ ಆ ಒಂದು ಸಾವಿರವೇ ಅವಳನ್ನು ಈ ಯೋಜನೆಯ ಹೊರಗಿಡುತ್ತದೆ.